ಕೊಳತೂರು ಎಲ್ಲಿಗೆ ಹೋಯಿತು: ಹಾಸನ ಸೀಮೆಯ ಊರಹೆಸರುಗಳ ಮೀಮಾಂಸೆ

ವಿಷಯ ಮತ್ತು ಸಂಶಯ

ಚನ್ನರಾಯಪಟ್ಟಣಕ್ಕೆ ಮೊದಲು ಆ ಹೆಸರಿರಲಿಲ್ಲ. ಅದು ಕೊಳತೂರು ಎಂಬ ಅಗ್ರಹಾರವಾಗಿತ್ತು. 1600ರ ಸುಮಾರಿಗೆ ಹೊಳೆನರಸೀಪುರದ ಪಾಳೆಯಗಾರ ಅದನ್ನು ವಶಕ್ಕೆ ತೆಗೆದುಕೊಂಡ ಮೇಲೆ ಚನ್ನರಾಯನ ಹೆಸರು ಬಂತು. ಅದು ದೇವರ ಹೆಸರು ಎನ್ನುವವರೂ ಇದ್ದಾರೆ, ಪಾಳೆಯಗಾರನ ಮಗನ ಹೆಸರು ಎನ್ನುವವರೂ ಇದ್ದಾರೆ. ದೇವರ ಹೆಸರನ್ನೇ ಮಗನಿಗಿಡುವ ನಾಡಿನಲ್ಲಿ ಇವೆರಡೂ ಒಟ್ಟಿಗೆ ನಿಜವಾಗಬಲ್ಲವು. ಆಮೇಲೆ ದೊಡ್ಡಬಸವಯ್ಯ ಎಂಬ ಹೆಬ್ಬಾರ ಅಲ್ಲಿ ಕೋಟೆ ಕಟ್ಟಿಸಿದ. ಮರಾಠರ ದಾಳಿ ಮೇಲಿಂದ ಮೇಲೆ ಬರುತ್ತಿದ್ದಾಗ ಹೈದರಾಲಿ ಕೋಟೆಯ ಸುತ್ತ ನೀರಿನ ಕಂದಕ ತೋಡಿಸಿ ಬಾಗಿಲುಗಳನ್ನು ಬಿಗಿಗೊಳಿಸಿದ. ಅಷ್ಟರಲ್ಲಿ ಕೊಳತೂರು ಜನರ ಬಾಯಿಂದ ಸರಿದುಹೋಗಿತ್ತು.

ಅದೇ ತಾಲ್ಲೂಕಿನಲ್ಲಿ ನುಗ್ಗೇಹಳ್ಳಿ ಇದೆ. ಹೊಯ್ಸಳ ಸೋಮೇಶ್ವರನ ದಂಡನಾಯಕ ಬೊಮ್ಮಣ್ಣ 1246ರಲ್ಲಿ ಅಲ್ಲಿ ಲಕ್ಷ್ಮೀನರಸಿಂಹನ ದೇಗುಲ ಕಟ್ಟಿಸಿದ. ಅವನ ಕಾಲದಲ್ಲಿ ಅಗ್ರಹಾರವಾದ ಆ ಊರಿನ ಹೆಸರು ವಿಜಯಸೋಮನಾಥಪುರ. ರಾಜನ ಹೆಸರು, ವಿಜಯದ ವಿಶೇಷಣ, ಕೊನೆಗೆ ‘ಪುರ’: ಗೌರವಕ್ಕೆ ಬೇಕಾದದ್ದೆಲ್ಲ ಅದರಲ್ಲಿತ್ತು. ದೇಗುಲ ಇಂದಿಗೂ ಗಟ್ಟಿಯಾಗಿ ನಿಂತಿದೆ. ಹೆಸರು ಮಾತ್ರ ಶಾಸನದ ಕಲ್ಲಿನಲ್ಲೇ ಉಳಿಯಿತು. ಬಸ್ಸಿನ ಬೋರ್ಡಿನ ಮೇಲೆ ಇವತ್ತು ಇರುವುದು ನುಗ್ಗೇಹಳ್ಳಿ.

ಎರಡು ಕಡೆಯೂ ಅಧಿಕಾರ ಉಳ್ಳವರೇ ಹೆಸರಿಟ್ಟರು, ಎರಡು ಕಡೆಯೂ ದೇವರಿದ್ದ. ಹಾಗಿದ್ದೂ ಒಂದು ಹೊಸ ಹೆಸರು ಹಳೆಯದನ್ನು ನುಂಗಿತು, ಇನ್ನೊಂದನ್ನು ಹಳೆಯ ಹೆಸರೇ ನುಂಗಿತು. ಇದಕ್ಕೆ ಕಾರಣವೇನೆಂದು ತಿಳಿಯದೆ ದಫ್ತರಗಳಲ್ಲಿ ಹಳೆಯ ಹೆಸರು ಹುಡುಕಲು ಹೊರಟವರು ದಾರಿ ತಪ್ಪುತ್ತಾರೆ. ಆದ್ದರಿಂದ ಕಾರಣದ ವಿಚಾರ ಮೊದಲು, ಹುಡುಕುವ ವಿಚಾರ ಆಮೇಲೆ.

ಸಿದ್ಧಾಂತ

ನಾನು ಹೇಳುವುದು ಇಷ್ಟು: ಅಧಿಕೃತ ಹೆಸರು ನೆಲಕ್ಕೆ ಅಂಟಿಕೊಂಡದ್ದಲ್ಲ, ಆ ನೆಲವನ್ನು ಕಾಗದದ ಮೇಲೆ ದಿನವೂ ಬರೆಯುವ ಠಾಣೆಗೆ ಅಂಟಿಕೊಂಡದ್ದು. ಠಾಣೆ ಎಂದರೆ ಕೋಟೆ, ಸುಂಕದ ಕಟ್ಟೆ, ಸಂತೆ, ಕಚೇರಿ. ಇವು ಹೊಸ ಹೆಸರನ್ನು ಹಿಡಿದರೆ ಅದು ನಿಲ್ಲುತ್ತದೆ. ಹಿಡಿಯದಿದ್ದರೆ ರಾಜನೇ ಇಟ್ಟಿದ್ದರೂ ನಿಲ್ಲುವುದಿಲ್ಲ.

ನುಗ್ಗೇಹಳ್ಳಿಯಲ್ಲಿ ಹೊಸ ಹೆಸರು ಬೇಕಾಗಿದ್ದದ್ದು ದಾನಪತ್ರಕ್ಕೆ. ದಾನ ಕೊಟ್ಟವರು, ಪಡೆದವರು, ಶಾಸನದ ಪದ್ಯ ಬರೆದವರು ಅದನ್ನು ಬಳಸಿದರು. ಉಳುವವರು, ನೀರು ಬಿಡುವವರು, ಪಕ್ಕದೂರಿನಿಂದ ಹೆಣ್ಣು ಕೊಡುವವರು ನುಗ್ಗೇಹಳ್ಳಿ ಎಂದೇ ಹೇಳುತ್ತಿದ್ದರು. ಅಗ್ರಹಾರದ ವೃತ್ತಿಗಳು ಕರಗಿದಾಗ ಆ ಹೆಸರನ್ನು ಹೇಳುವ ಬಾಯಿಗಳೂ ಕರಗಿದವು. ಹಾಸನದಿಂದ ಬೇಲೂರಿನ ದಾರಿಯಲ್ಲಿರುವ ದೊಡ್ಡಗದ್ದವಳ್ಳಿಯದೂ ಇದೇ ಕಥೆ. ಹನ್ನೆರಡನೆಯ ಶತಮಾನದ ಆರಂಭದಲ್ಲಿ ಕುಲ್ಲಹಣ ರಾಹುತನೆಂಬ ವರ್ತಕ ಮತ್ತು ಅವನ ಹೆಂಡತಿ ಸಹಜಾದೇವಿ ಅಲ್ಲಿ ಲಕ್ಷ್ಮೀದೇವಿಯ ದೇಗುಲ ಕಟ್ಟಿಸಿ ಊರಿಗೆ ಅಭಿನವ ಕೊಲ್ಲಾಪುರವೆಂದು ಹೆಸರಿಟ್ಟರು. ಶಾಸನದಲ್ಲಿ ಗದ್ದುಂಬಳ್ಳಿ ಎಂದಿದ್ದ ಹಳೆಯ ಹೆಸರು ಸವೆದು ಗದ್ದವಳ್ಳಿಯಾಗಿ, ಮುಂದೆ ‘ದೊಡ್ಡ’ವನ್ನೂ ಸೇರಿಸಿಕೊಂಡು ಬದುಕಿದೆ. ಅಭಿನವ ಕೊಲ್ಲಾಪುರ ಎಂದರೆ ಆ ಊರಲ್ಲೇ ದಾರಿ ಸಿಗುವುದಿಲ್ಲ.

ಕೊಳತೂರಿನಲ್ಲಿ ಆದದ್ದು ತಿರುವುಮುರುವು. ಹೊಸ ಹೆಸರಿನೊಡನೆ ಕೋಟೆ ಬಂತು, ಪೇಟೆ ಬಂತು. ಕೊನೆಯಲ್ಲಿರುವ ‘ಪಟ್ಟಣ’ವೇ ಅದನ್ನು ಸಾರುತ್ತದೆ. ಹೈದರನ ಕಾಲಕ್ಕೆ ಅದು ಸೇನೆಯ ಲೆಕ್ಕದಲ್ಲಿ ಒಂದು ಠಾಣೆ, ಮುಂದೆ ತಾಲ್ಲೂಕು ಕಸಬಾ. ಕಂದಾಯದ ಪ್ರತಿ ರಸೀದಿ, ಪ್ರತಿ ಫರ್ಮಾನು ಆ ಹೆಸರನ್ನು ಇನ್ನೊಮ್ಮೆ ಹೇಳಿತು. ಕೊಳತೂರನ್ನು ಯಾರೂ ನಿಷೇಧಿಸಲಿಲ್ಲ. ಅದನ್ನು ಬರೆಯಬೇಕಾದ ಸಂದರ್ಭವೇ ಬರಲಿಲ್ಲ.

ಹೊಳೆನರಸೀಪುರದ ‘ಹೊಳೆ’ಯನ್ನೂ ಹೀಗೆಯೇ ನೋಡಬೇಕು. ಹೇಮಾವತಿಯ ದಡದ ಆ ಊರಿನವರಿಗೆ ತಮ್ಮೂರು ಬರೀ ನರಸೀಪುರ. ಆದರೆ ಒಂದೇ ರಾಜ್ಯದಲ್ಲಿ ಕಾವೇರಿ–ಕಪಿಲೆಯರ ಸಂಗಮದಲ್ಲೂ ಒಂದು ನರಸೀಪುರವಿದೆ. ದೂರದ ದಫ್ತರದಲ್ಲಿ ಕುಳಿತವನಿಗೆ ಒಂದನ್ನು ಹೊಳೆನರಸೀಪುರ, ಇನ್ನೊಂದನ್ನು ತಿರುಮಕೂಡಲು ನರಸೀಪುರ ಎನ್ನದೆ ಗತಿಯಿಲ್ಲ. ಊರೊಳಗಿನವರಿಗಿಂತ ಹೊರಗಿನವರಿಗೇ ಹೆಚ್ಚು ಬೇಕಾದ ಇಂಥ ಮುಂಪದಗಳು ಊರಹೆಸರುಗಳಲ್ಲಿ ಬಹಳ ಇವೆ.

ಮೊದಲ ಆಕ್ಷೇಪ: ಸ್ಥಳಪುರಾಣದ ಹೆಸರೇ ಮೂಲವಲ್ಲವೇ?

ಪೂರ್ವಪಕ್ಷದವರು ಕೇಳುತ್ತಾರೆ: ಹಾಸನ ಮೂಲದಲ್ಲಿ ಜನಮೇಜಯನ ಸಿಂಹಾಸನಪುರ, ಅರಕಲಗೂಡು ಗೌತಮ ಋಷಿ ಸೂರ್ಯನನ್ನು ಕುರಿತು ತಪಸ್ಸು ಮಾಡಿದ ಅರ್ಕಪುರಿ. ಹಿರಿಯರು ಹೇಳಿಕೊಂಡು ಬಂದ ಇವನ್ನು ಬಿಟ್ಟು ಪಾಳೆಯಗಾರರ ಕಾಲದಿಂದ ಶುರು ಮಾಡುವುದು ಯಾಕೆ?

ಈ ಮಾತನ್ನು ತಳ್ಳಿಹಾಕಬಾರದು. ಸ್ಥಳಪುರಾಣ ಊರಿನ ಭಕ್ತಿಯ ದಾಖಲೆ, ಆ ಭಕ್ತಿಗೂ ಚರಿತ್ರೆ ಉಂಟು. ಆದರೆ ಹೆಸರಿನ ವಯಸ್ಸನ್ನು ಅದು ಹೇಳುವ ಯುಗದಿಂದ ಎಣಿಸಲಾಗದು. ಅದು ಮೊದಲು ಬರಹದಲ್ಲಿ ಕಾಣಿಸಿಕೊಂಡ ದಾಖಲೆಯ ಕಾಲದಿಂದಲೇ ಎಣಿಸಬೇಕು. ಇದರ ಜೊತೆಗೆ ಇನ್ನೊಂದು ಪರೀಕ್ಷೆ ಇದೆ: ವಿವರಣೆ ಹೆಸರನ್ನು ಇಡಿಯಾಗಿ ಬಿಡಿಸಬೇಕು. ಅರ್ಕಪುರಿ ಎಂಬುದು ಅರಕಲಗೂಡಿನ ಮೊದಲ ಮೂರಕ್ಷರಕ್ಕೆ ಸರಿಹೊಂದುತ್ತದೆ, ಉಳಿದ ‘ಲಗೂಡು’ ಅನಾಥವಾಗುತ್ತದೆ. ‘ಪುರಿ’ ಸವೆದು ‘ಗೂಡು’ ಆಗುವ ದಾರಿ ಕನ್ನಡದಲ್ಲಿಲ್ಲ. ಹಾಗಾಗಿ ಅರ್ಕಪುರಿಯು ಅರಕಲಗೂಡಿಗೆ ತಾಯಿಯಲ್ಲ, ಅದರ ಸದ್ದು ಕೇಳಿ ಕಟ್ಟಿದ ಗೌರವನಾಮ ಎಂದೇ ನನ್ನ ಎಣಿಕೆ. ಅಲ್ಲಿಯ ಕೋಟೆ ಮತ್ತು ದೇಗುಲ 1568ರ ಸುಮಾರಿನಲ್ಲಿ ಕೃಷ್ಣಪ್ಪ ನಾಯಕ ಕಟ್ಟಿಸಿದ್ದು ಎಂದು ಗೆಜೆಟಿಯರ್ ಹೇಳುತ್ತದೆ. ಹುಡುಕಾಟ ಅಲ್ಲಿಂದ ಹಿಂದಕ್ಕೆ ಹೋಗಬೇಕು.

ಹಾಸನದ ಪ್ರಶ್ನೆ ಇನ್ನೂ ಸೂಕ್ಷ್ಮ. ನಗುವ ದೇವಿ ಹಾಸನಾಂಬೆಯಿಂದ ಹಾಸನ ಎಂಬುದು ಒಂದು ವಿವರಣೆ, ಸಿಂಹಾಸನದ ‘ಸಿಂ’ ಉದುರಿ ಹಾಸನ ಎಂಬುದು ಇನ್ನೊಂದು. ದೀರ್ಘ ‘ಹಾ’ ಎರಡನೆಯದಕ್ಕೆ ಅನುಕೂಲವಾಗಿ ಕಾಣುತ್ತದೆ, ಆದರೆ ಊರಹೆಸರು ಸವೆಯುವುದು ಸಾಮಾನ್ಯವಾಗಿ ನಡುವಿನಲ್ಲಿ ಮತ್ತು ಕೊನೆಯಲ್ಲಿ, ತಲೆಯ ಅಕ್ಷರ ಸುಲಭವಾಗಿ ಹೋಗುವುದಿಲ್ಲ. ಇಲ್ಲಿ ಹಳಗನ್ನಡದ ಒಂದು ಅಳತೆಗೋಲು ನೆರವಿಗೆ ಬರುತ್ತದೆ. ಹತ್ತನೆಯ ಶತಮಾನದ ಆಚೀಚೆ ಕನ್ನಡದ ಪಕಾರ ಹಕಾರವಾಗತೊಡಗಿತು. ಪಳ್ಳಿ ಹಳ್ಳಿಯಾಯಿತು, ಪಾಲು ಹಾಲಾಯಿತು. ಹಾಸನ ಅದಕ್ಕಿಂತ ಹಳೆಯ ಅಚ್ಚಗನ್ನಡ ಪದವಾಗಿದ್ದರೆ ಹಳೆಯ ಕಲ್ಲಿನಲ್ಲಿ ಅದು ಪಕಾರದಿಂದ ಶುರುವಾಗಬೇಕು, ಸಂಸ್ಕೃತ ಮೂಲದ್ದಾಗಿದ್ದರೆ ಹಕಾರ ಹಾಗೇ ಇರಬೇಕು. ಇಂಥ ಪರೀಕ್ಷೆಯನ್ನು ಸ್ಥಳಪುರಾಣ ತಡೆಯುವುದೂ ಇಲ್ಲ, ಅದರ ಬದಲಿಗೆ ನಿಲ್ಲುವುದೂ ಇಲ್ಲ. ಇನ್ನೊಂದು ಸಂಗತಿಯನ್ನೂ ಮರೆಯಬಾರದು. ಊರು ಮೊದಲಿದ್ದದ್ದು ಪಕ್ಕದ ಚನ್ನಪಟ್ಟಣದಲ್ಲಿ, ಆಮೇಲೆ ಈಗಿನ ಜಾಗಕ್ಕೆ ಬಂತು ಎಂಬ ಐತಿಹ್ಯವನ್ನು ಗೆಜೆಟಿಯರ್ ದಾಖಲಿಸಿದೆ. ಠಾಣೆಯೇ ಜಾಗ ಬದಲಿಸಿದ ಕಡೆ ಒಂದೇ ಹೆಸರಿಗೆ ಒಂದೇ ನೆಲವನ್ನು ಹುಡುಕುವುದು ತಪ್ಪಾಗುತ್ತದೆ.

ಹಾಗೆಂದು ಸಂಸ್ಕೃತ ಹೆಸರೆಲ್ಲ ಹೊಸದು ಎಂದೂ ತೀರ್ಮಾನಿಸಬಾರದು. ಶ್ರವಣಬೆಳಗೊಳದಲ್ಲಿ ಇದಕ್ಕೆ ಎರಡೂ ಬಗೆಯ ನಿದರ್ಶನವಿದೆ. ಬೆಳ್ಗೊಳ, ಅಂದರೆ ಬಿಳಿಯ ಕೊಳ, ಕನ್ನಡದ ಹೆಸರು. ಶಾಸನಗಳ ಧವಳಸರಸ ಅದರ ಅನುವಾದ. ಆದರೆ ಚಿಕ್ಕಬೆಟ್ಟದ ವಿಷಯ ಬೇರೆ. ಕಟವಪ್ರ ಎಂಬ ಸಂಸ್ಕೃತ ರೂಪವೂ ಕಳ್ಬಪ್ಪು ಎಂಬ ಕನ್ನಡ ರೂಪವೂ ಅಲ್ಲಿಯ ಅತಿ ಹಳೆಯ ಬರಹಗಳಲ್ಲೇ ಸಿಗುತ್ತವೆ. ಭಾಷೆ ನೋಡಿ ವಯಸ್ಸು ಹೇಳಬಾರದು, ಬರಹ ನೋಡಿ ಹೇಳಬೇಕು.

ಹುಡುಕುವ ಕ್ರಮ

ಕೊಳತೂರನ್ನೇ ಹಿಡಿದು ಹೋಗೋಣ. ಹಿಂದಕ್ಕೆ ಹಾರಬಾರದು, ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕು.

ಮೊದಲು ಈಗಿನ ಹೆಸರಿನ ಎಲ್ಲ ಬರಹರೂಪಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಬೇಕು. ಕನ್ನಡದಲ್ಲೇ ಚನ್ನರಾಯ, ಚೆನ್ನರಾಯ ಎಂದು ಎರಡು ಬಗೆ. ಇಂಗ್ಲಿಷ್ ಕಡತಗಳಲ್ಲಿ ಶ್ರೀರಂಗಪಟ್ಟಣ ‘ಸೆರಿಂಗಪಟಂ’ ಆದದ್ದನ್ನು ನೆನೆದರೆ ಈ ಪಟ್ಟಣಕ್ಕೂ ‘ಪಟಂ’ ಎಂಬ ಕೊನೆಯನ್ನು, ‘ಚಿನ್’ ಎಂಬ ಮೊದಲನ್ನು ಸೇರಿಸಿ ಹುಡುಕಬೇಕಾಗುತ್ತದೆ. ಬುಕಾನನ್ 1800–01ರಲ್ಲಿ ಮೈಸೂರು ಸೀಮೆ ಸುತ್ತಿದಾಗ ಕಿವಿಗೆ ಬಿದ್ದಂತೆ ಹೆಸರು ಬರೆದುಕೊಂಡ. ಅಂಥ ಬರಹವನ್ನು ಕಣ್ಣಿನಿಂದ ಓದಬಾರದು, ಬಾಯಿಬಿಟ್ಟು ಓದಬೇಕು. ಆಗ ಊರು ತಾನಾಗಿ ಗುರುತು ಸಿಗುತ್ತದೆ.

ಎರಡನೆಯದು ಆಡಳಿತದ ಸರಪಳಿ. ಹಾಸನ ಜಿಲ್ಲೆ ಅಷ್ಟಗ್ರಾಮ ವಿಭಾಗದಲ್ಲಿತ್ತು. ಬರಗಾಲದ ನಂತರದ ಮಿತವ್ಯಯದಲ್ಲಿ 1882ರಲ್ಲಿ ಜಿಲ್ಲೆಯ ಸ್ಥಾನ ಕಳೆದುಕೊಂಡು 1886ರಲ್ಲಿ ಮರಳಿ ಪಡೆಯಿತು. ಆ ನಾಲ್ಕು ವರ್ಷದ ಕಡತವನ್ನು ‘ಹಾಸನ ಜಿಲ್ಲೆ’ ಎಂಬ ಶೀರ್ಷಿಕೆಯಲ್ಲಿ ಹುಡುಕಿದವರು ಬರಿಗೈಯಲ್ಲಿ ಬರುತ್ತಾರೆ. ಹೀಗೆಯೇ ಸಕಲೇಶಪುರ ತಾಲ್ಲೂಕನ್ನು ಹಳೆಯ ಪುಸ್ತಕಗಳಲ್ಲಿ ಮಂಜರಾಬಾದ್ ಎಂದು ನೋಡಬೇಕು. ಅದು ಟಿಪ್ಪು ತನ್ನ ಕೋಟೆಗೆ ಇಟ್ಟ ಹೆಸರು, ಅದಕ್ಕೂ ಹಿಂದೆ ಆ ಸೀಮೆ ಬಲಂ.

ಮೂರನೆಯದು ಗೆಜೆಟಿಯರ್. ರೈಸ್ 1897ರಲ್ಲಿ ಪರಿಷ್ಕರಿಸಿದ ‘ಮೈಸೂರು’ ಗೆಜೆಟಿಯರ್‌ನಲ್ಲಿ ಚನ್ನರಾಯಪಟ್ಟಣದ ಕೆಳಗೆ ಕೊಳತೂರು ಸಿಗುತ್ತದೆ. ನಂತರದ ಗೆಜೆಟಿಯರ್‌ಗಳಲ್ಲೂ ಸಿಗುತ್ತದೆ. ಮೂರು ಪುಸ್ತಕದಲ್ಲಿ ಸಿಕ್ಕಿತೆಂದು ಮೂರು ಸಾಕ್ಷಿ ಎಂದು ಎಣಿಸಬಾರದು. ಒಂದನ್ನು ನೋಡಿ ಇನ್ನೊಂದು ಬರೆದದ್ದಾದರೆ ಅದು ಒಂದೇ ಸಾಕ್ಷಿ. ವಾಕ್ಯದ ಜಾಡು ಹೋಲಿಸಿದರೆ ಇದು ಬೇಗ ತಿಳಿಯುತ್ತದೆ. ಇಂಗ್ಲಿಷ್ ಲಿಪಿಯಲ್ಲಿ ಕೊ–ಕೋ, ಲ–ಳ, ತ–ತ್ತ ಭೇದ ಅಳಿಸಿಹೋಗುವುದರಿಂದ ಹೆಸರಿನ ಸರಿಯಾದ ರೂಪಕ್ಕೆ ಗೆಜೆಟಿಯರ್ ಸಾಲದು, ಕಲ್ಲಿಗೇ ಹೋಗಬೇಕು.

ಕಲ್ಲುಗಳು ಸಿಗುವುದು ‘ಎಪಿಗ್ರಾಫಿಯ ಕರ್ನಾಟಿಕ’ದಲ್ಲಿ. ರೈಸ್ 1902ರಲ್ಲಿ ಹೊರತಂದ ಐದನೆಯ ಸಂಪುಟ ಹಾಸನ ಜಿಲ್ಲೆಯದು, ಶ್ರವಣಬೆಳಗೊಳಕ್ಕೆ ಮಾತ್ರ ಎರಡನೆಯ ಸಂಪುಟ. ಇಲ್ಲಿ ಹೊಸಬರು ಬೀಳುವ ಎರಡು ಹಳ್ಳಗಳನ್ನು ಹೇಳಲೇಬೇಕು. ರೈಸ್ ಪ್ರತಿ ತಾಲ್ಲೂಕಿಗೆ ಎರಡಕ್ಷರದ ಗುರುತು ಇಟ್ಟ. ಹಾಸನಕ್ಕೂ ಹೊಳೆನರಸೀಪುರಕ್ಕೂ ಇಂಗ್ಲಿಷಿನ ಎಚ್ ಮತ್ತು ಎನ್ ಅಕ್ಷರಗಳೇ ಬಂದವು. ಹಾಸನದಲ್ಲಿ ಎನ್ ಸಣ್ಣಕ್ಷರ, ಹೊಳೆನರಸೀಪುರದಲ್ಲಿ ಎರಡೂ ದೊಡ್ಡಕ್ಷರ. ಯಾರೋ ಅವಸರದಲ್ಲಿ ಪ್ರತಿ ಮಾಡಿಕೊಂಡ ಅಡಿಟಿಪ್ಪಣಿಯಲ್ಲಿ ಈ ಭೇದ ಹೋದರೆ ಹೊಳೆನರಸೀಪುರದ ಶಾಸನ ಹಾಸನದ್ದಾಗಿಬಿಡುತ್ತದೆ. ಉಲ್ಲೇಖವನ್ನು ನಂಬದೆ, ಎರಡೂ ತಾಲ್ಲೂಕಿನ ಅದೇ ಸಂಖ್ಯೆಯ ಶಾಸನವನ್ನು ತೆರೆದು ಊರು ಯಾವುದೆಂದು ನೋಡುವುದೊಂದೇ ಪರಿಹಾರ. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಸಂಪುಟಗಳಲ್ಲಿ ಸಂಖ್ಯೆಗಳೇ ಬದಲಾಗಿರುವುದರಿಂದ ಯಾವ ಆವೃತ್ತಿ ಎಂಬುದನ್ನೂ ಪಕ್ಕದಲ್ಲಿ ಬರೆದುಕೊಳ್ಳಬೇಕು.

ಎರಡನೆಯ ಹಳ್ಳ ಇನ್ನೂ ಆಳ. ಸಂಪುಟದಲ್ಲಿ ಹನ್ನೆರಡನೆಯ ಶತಮಾನದ ಕಲ್ಲಿನ ಮೇಲುಗಡೆ ‘ಚನ್ನರಾಯಪಟ್ಟಣ ತಾಲ್ಲೂಕು’ ಎಂದು ಅಚ್ಚಾಗಿರುತ್ತದೆ. ಅದನ್ನು ನೋಡಿ, ಆ ಹೆಸರು ಹೊಯ್ಸಳರ ಕಾಲದಲ್ಲೇ ಇತ್ತು ಎಂದು ಬರೆದವರಿದ್ದಾರೆ. ಅದು ಸಂಪಾದಕ ಕೊಟ್ಟ ವಿಳಾಸ, ಕಲ್ಲಿನ ಮಾತಲ್ಲ. ಹೆಸರು ಶಾಸನದ ಸಾಲಿನೊಳಗೆ ಇದೆಯೇ ಎಂದು ನೋಡಬೇಕು. ಅದಕ್ಕೆ ಇಂಗ್ಲಿಷ್ ಅನುವಾದವೂ ಸಾಲದು, ಕನ್ನಡ ಪಾಠವನ್ನೇ ಓದಬೇಕು. ದಾನಶಾಸನಗಳಲ್ಲಿ ‘ಪ್ರತಿನಾಮ’ ಎಂಬ ಮಾತು ಕಣ್ಣಿಗೆ ಬಿದ್ದರೆ ಅಲ್ಲೇ ನಿಲ್ಲಿ. ಇಂಥ ಗ್ರಾಮಕ್ಕೆ ಪ್ರತಿನಾಮವಾದ ಇಂಥ ಪುರ ಎಂದು ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ಕೊಡುವ ಸಾಲು ಅದು. ಅದರ ಬೆನ್ನಿಗೆ ನಾಲ್ಕು ದಿಕ್ಕಿನ ಎಲ್ಲೆಗಳು ಬರುತ್ತವೆ. ಎಲ್ಲೆಯ ಊರುಗಳಲ್ಲಿ ಎರಡು ಇಂದಿಗೂ ನಕ್ಷೆಯಲ್ಲಿ ಸಿಕ್ಕರೆ, ನಡುವೆ ಇರುವುದು ಯಾವ ಊರೆಂದು ಹೆಚ್ಚುಕಡಿಮೆ ತೀರ್ಮಾನವಾದಂತೆ.

ಕೊನೆಯ ಮೆಟ್ಟಿಲು ನೆಲ. ಅಧಿಕೃತ ಸ್ಥಾನ ಕಳೆದುಕೊಂಡ ಹೆಸರು ಸಾಯುವುದು ಕಡಿಮೆ, ಅದು ಕೆಳಗಿಳಿಯುತ್ತದೆ. ಕೆರೆಗೆ, ತೂಬಿಗೆ, ಗದ್ದೆಬಯಲಿಗೆ, ಗ್ರಾಮದೇವತೆಗೆ ಅಂಟಿಕೊಳ್ಳುತ್ತದೆ. ಕಂದಾಯದ ದಾಖಲೆಯಲ್ಲಿ ಇದಕ್ಕೊಂದು ಒಳ್ಳೆಯ ಜಾಗವಿದೆ: ಬೇಚರಾಕ್ ಗ್ರಾಮ. ಚಿರಾಗ್ ಎಂದರೆ ದೀಪ, ದೀಪ ಹಚ್ಚುವ ಮನೆಯಿಲ್ಲದ ಊರು ಬೇಚರಾಕ್. ಮೈಸೂರಿನಲ್ಲಿ ಕಂದಾಯ ಸರ್ವೆ 1863ರಲ್ಲಿ ಶುರುವಾದಾಗ ಇಂಥ ಜನರಿಲ್ಲದ ಗ್ರಾಮಗಳಿಗೂ ಹೆಸರು, ಗಡಿ, ಸರ್ವೆ ನಂಬರುಗಳು ಸಿಕ್ಕವು. ಆದ್ದರಿಂದ ಕಸಬಾ ಹೋಬಳಿಯ ಗ್ರಾಮಗಳ ಪಟ್ಟಿ, ಗ್ರಾಮ ನಕ್ಷೆ, ಆಕಾರಬಂದು ಇವುಗಳಲ್ಲಿ ಬೇಚರಾಕ್ ಹೆಸರುಗಳನ್ನು ಮೊದಲು ನೋಡಬೇಕು. ಕಾಗದದಲ್ಲಿ ಸಿಗದ ಕೆರೆಯ ಹೆಸರು ನೀರುಗಂಟಿಗಳ ಮನೆತನದವರಲ್ಲಿ ಸಿಗುತ್ತದೆ.

ಮನೆಯಲ್ಲಿರುವ ಕ್ರಯಪತ್ರಕ್ಕೂ ಇದೇ ಕ್ರಮ. ಅಜ್ಜನ ಪತ್ರದಲ್ಲಿ ‘ನರಸೀಪುರ ತಾಲ್ಲೂಕು’ ಎಂದಷ್ಟೇ ಇದ್ದರೆ ಯಾವ ನರಸೀಪುರ ಎಂದು ತಾಲ್ಲೂಕಿನ ಹೆಸರು ಹೇಳುವುದಿಲ್ಲ, ಚೆಕ್ಕುಬಂದಿ ಹೇಳುತ್ತದೆ. ಹೇಮಾವತಿಯ ಹೊಳೆಯೋ ಅದರ ನಾಲೆಯೋ ಒಂದು ದಿಕ್ಕಿನಲ್ಲಿದ್ದರೆ ಅದು ಹಾಸನ ಸೀಮೆಯದು. ಕಾವೇರಿ ಅಥವಾ ಕಪಿಲೆ ಇದ್ದರೆ ಮೈಸೂರಿನ ಕಡೆಯದು.

ಎರಡನೆಯ ಆಕ್ಷೇಪ: 2014ರ ಬದಲಾವಣೆ ಹೆಸರಿನದೇ, ಕಾಗುಣಿತದ್ದೇ?

2014ರ ನವೆಂಬರ್ 1ರಂದು ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿ ಸೇರಿ ಹನ್ನೆರಡು ಊರುಗಳ ಹೆಸರು ಬದಲಾಯಿತು. ಕನ್ನಡದಲ್ಲಿ ಇವುಗಳಲ್ಲಿ ಬಹುಪಾಲು ಮೊದಲಿಂದ ಹಾಗೇ ಇದ್ದವಲ್ಲ, ಬದಲಾದದ್ದು ಇಂಗ್ಲಿಷ್ ಅಕ್ಷರ ಮಾತ್ರವಲ್ಲವೇ, ಅದನ್ನು ಕೊಳತೂರಿನ ಪಕ್ಕದಲ್ಲಿ ಇಡಬಹುದೇ ಎಂದು ಕೇಳುತ್ತಾರೆ.

ಇಡಬಾರದು, ನಿಜ. ಆದರೆ ಆ ಬದಲಾವಣೆ ನನ್ನ ಸಿದ್ಧಾಂತಕ್ಕೇ ಒತ್ತು ಕೊಡುತ್ತದೆ. ರೈಲ್ವೆ, ಅಂಚೆ, ಸರ್ವೆ, ಕೇಂದ್ರದ ಕಡತ ಇವೆಲ್ಲ ಇಂಗ್ಲಿಷ್ ರೂಪವನ್ನೇ ಅಧಿಕೃತವೆಂದು ಬರೆಯುತ್ತಿದ್ದದ್ದರಿಂದ ಅಲ್ಲಿಯೇ ಅದನ್ನು ತಿದ್ದಬೇಕಾಯಿತು. ಹೀಗೆ ತಿದ್ದಬೇಕೆಂಬ ಸಾಹಿತಿ ಅನಂತಮೂರ್ತಿಯವರ ಸಲಹೆಯನ್ನು ರಾಜ್ಯ ಸರ್ಕಾರ ಒಪ್ಪಿದ್ದು 2005ರ ಕೊನೆಯಲ್ಲಿ, ಕೇಂದ್ರ ಗೃಹ ಸಚಿವಾಲಯದ ಒಪ್ಪಿಗೆ ಬಂದದ್ದು 2014ರ ಅಕ್ಟೋಬರ್‌ನಲ್ಲಿ. ಊರಿನ ಹೆಸರಿಗೆ ಆ ಸಚಿವಾಲಯದ ಸಮ್ಮತಿ ಬೇಕು, ಅದು ರೈಲ್ವೆ, ಅಂಚೆ, ಸರ್ವೆ ಇಲಾಖೆಗಳನ್ನು ಕೇಳುತ್ತದೆ, ಆಮೇಲೆ ರಾಜ್ಯದ ಗೆಜೆಟ್ ಅಧಿಸೂಚನೆ. ರಾಜ್ಯದ್ದೇ ಹೆಸರಾದರೆ ಸಂಸತ್ತಿನ ಕಾಯ್ದೆ ಬೇಕು, ಮೈಸೂರು ರಾಜ್ಯ 1973ರಲ್ಲಿ ಕರ್ನಾಟಕವಾದದ್ದು ಹಾಗೆ. ಹನ್ನೆರಡರ ಪಟ್ಟಿಯಲ್ಲಿ ಹಾಸನವಿರಲಿಲ್ಲ. ಅದಕ್ಕೆ ಇಂಗ್ಲಿಷಿನಲ್ಲಿ ಎರಡು ಎಸ್ ಇರುವ, ದೀರ್ಘ ತೋರದ ಹಳೆಯ ಕಾಗುಣಿತವೇ ಇದೆ. ಹುಡುಕುವವರಿಗೆ ಇದರಿಂದ ತಿಳಿಯಬೇಕಾದದ್ದು: ಬಿಜಾಪುರದಂಥ ಕೆಲವನ್ನು ಬಿಟ್ಟರೆ ಕನ್ನಡ ಕಡತಕ್ಕೆ 2014 ಒಂದು ಗೆರೆಯಲ್ಲ, ಇಂಗ್ಲಿಷ್ ಸೂಚಿಗಳಿಗೆ ಅದೊಂದು ಗೆರೆ. ಆ ಗೆರೆಯ ಎರಡೂ ಕಡೆ ಬೇರೆ ಬೇರೆ ಅಕ್ಷರದಲ್ಲಿ ಹುಡುಕಬೇಕು. ಬೇರೆ ಬೇರೆ ಸಂಸ್ಥೆಗಳು ಅದನ್ನು ಬೇರೆ ಬೇರೆ ಕಾಲಕ್ಕೆ ದಾಟಿವೆ, ಕೆಲವು ದಾಟಿಯೇ ಇಲ್ಲ.

ಮೂರನೆಯ ಆಕ್ಷೇಪ: ಹಾಗಾದರೆ ಕೊಳತೂರನ್ನು ಮರಳಿ ತರಬಾರದೇಕೆ?

ಹಳೆಯದು ನಿಜವಾದ ಹೆಸರಾದರೆ ಅದನ್ನು ಮರಳಿಸುವುದೇ ನ್ಯಾಯ ಎನ್ನುವವರ ಪ್ರೀತಿಯನ್ನು ನಾನು ಗೌರವಿಸುತ್ತೇನೆ, ತೀರ್ಮಾನವನ್ನು ಒಪ್ಪಲಾರೆ. ಹುಬ್ಬಳ್ಳಿಯಲ್ಲಿ ಮರಳಿಸಿದ್ದು ಜನರ ಬಾಯಲ್ಲಿದ್ದ ಹೆಸರನ್ನು. ಕೊಳತೂರು ಯಾರ ಬಾಯಲ್ಲೂ ಇಲ್ಲ. ಅದನ್ನು ಹೇರಿದರೆ ಬೊಮ್ಮಣ್ಣ ದಂಡನಾಯಕ ಮಾಡಿದ್ದನ್ನೇ ಮಾಡಿದಂತೆ. ಜನ ಬಳಸಿ ರೂಢಿಯಾದ ಹೆಸರನ್ನು ಆದಷ್ಟೂ ಬದಲಿಸಬಾರದು, ಹೊಸ ಹೆಸರು ಬೇರೆ ಊರಿನೊಡನೆ ಗೊಂದಲ ತರಬಾರದು ಎಂದು ಕೇಂದ್ರದ 1953ರ ಮಾರ್ಗಸೂಚಿಯೂ ಹೇಳುತ್ತದೆ. ಈ ಎರಡನೆಯ ಎಚ್ಚರ ಎಷ್ಟು ಮುಖ್ಯವೆಂಬುದಕ್ಕೆ ಬಿಜಾಪುರವೇ ಸಾಕ್ಷಿ. ಆ ಹನ್ನೆರಡರಲ್ಲಿ ಒಂದಾದ ಅದು ವಿಜಯಪುರವಾದಾಗ ದೇವನಹಳ್ಳಿ ತಾಲ್ಲೂಕಿನಲ್ಲಿ ಮೊದಲೇ ಒಂದು ವಿಜಯಪುರ ಇತ್ತು. ಮುಂದೆ ‘ವಿಜಯಪುರ’ ಎಂದಷ್ಟೇ ಇರುವ ಕಾಗದವನ್ನು ಹಿಡಿದವರು, ನರಸೀಪುರದ ಪತ್ರ ಹಿಡಿದವರಂತೆಯೇ, ಚೆಕ್ಕುಬಂದಿಗೆ ಹೋಗಬೇಕಾಗುತ್ತದೆ.

ಬಳಕೆಗೆ ಬಾರದ ಹೆಸರನ್ನು ಹುಡುಕಿ ಏನು ಫಲ ಎಂದು ಕೇಳಬಹುದು. ಫಲ ದಾಖಲೆಯ ಪರೀಕ್ಷೆಯಲ್ಲಿದೆ. ಹದಿನೈದನೆಯ ಶತಮಾನದ್ದೆಂದು ಹೇಳಿಕೊಳ್ಳುವ ಒಂದು ದಾನಪತ್ರದ ಪ್ರತಿ ಸಿಕ್ಕಿತೆನ್ನಿ. ಅದರ ಸಾಲಿನೊಳಗೆ ‘ಚನ್ನರಾಯಪಟ್ಟಣ’ ಎಂದಿದ್ದರೆ ಆ ಸಾಲು 1600ಕ್ಕಿಂತ ಹಿಂದಿನದಾಗಿರುವುದು ಕಷ್ಟ. ಒಂದೋ ಪತ್ರ ಆಮೇಲೆ ಹುಟ್ಟಿದ್ದು, ಇಲ್ಲವೇ ಪ್ರತಿ ಮಾಡಿದವನು ತನ್ನ ಕಾಲದ ಹೆಸರನ್ನು ಸೇರಿಸಿದ್ದು. ಯಾವುದು ಎಂದು ತಿಳಿಯಲು ಎಲ್ಲೆಯ ಊರುಗಳನ್ನು ನೋಡಿ: ಅವೆಲ್ಲ ಹಳೆಯ ರೂಪದಲ್ಲಿದ್ದು ಇದೊಂದೇ ಹೊಸದಾಗಿದ್ದರೆ ಅದು ಪ್ರತಿಕಾರನ ಕೈ. ಎಲ್ಲವೂ ಹೊಸ ರೂಪದಲ್ಲಿದ್ದರೆ ಪತ್ರವನ್ನೇ ಶಂಕಿಸಬೇಕು. ಇದಕ್ಕೆ ಎದುರಾಗಿ, 1700ರ ಆಚೆಯ ಕಾಗದದಲ್ಲಿ ಕೊಳತೂರು ಕಾಣಿಸಿದರೆ ಅವಸರಪಟ್ಟು ಸುಳ್ಳೆನ್ನಬಾರದು. ಹಳೆಯ ಎಲ್ಲೆಯನ್ನು ಹಾಗೇ ನಕಲಿಸಿದ ಕಡೆ, ಮಾನ್ಯ ಜಮೀನಿನ ಸನ್ನದು ಮುಂದುವರಿಸಿದ ಕಡೆ ಹಳೆಯ ಹೆಸರು ನೂರು ವರ್ಷ ತಡವಾಗಿಯೂ ಬರುತ್ತದೆ.